ಲೈನ್ ಚಾರ್ಟೋ, ಕ್ಯಾಂಡಲ್‌ಸ್ಟಿಕ್ ಚಾರ್ಟೋ?

ಷೇರಿನ ದಿನದ ಬೆಲೆ ನೋಡಲು ನನ್ನ ಆಯ್ಕೆ ಕ್ಯಾಂಡಲ್‌ಸ್ಟಿಕ್. ನಿನ್ನೆ 100ಕ್ಕೆ ಮುಗಿದ ಷೇರು ಇವತ್ತು 108ಕ್ಕೆ ಶುರುವಾಗಿ 103ಕ್ಕೆ ಮುಗಿಯಿತು, ಗರಿಷ್ಠ 115, ಕನಿಷ್ಠ 102 ಅಂದುಕೊಳ್ಳಿ. ಲೈನ್ ಚಾರ್ಟ್ 100ರಿಂದ 103ಕ್ಕೆ ಗೆರೆ ಎಳೆದು ಸುಮ್ಮನಾಗುತ್ತದೆ. ಕ್ಯಾಂಡಲ್‌ನಲ್ಲಿ 108ರಿಂದ 103ರವರೆಗೆ ದಪ್ಪ ಕೆಂಪು ಭಾಗ, ಅದರ ಮೇಲೆ 115ರ ತನಕ ಉದ್ದನೆಯ ಕಡ್ಡಿ, ಕೆಳಗೆ 102ಕ್ಕೆ ಚಿಕ್ಕದೊಂದು ಕಾಣುತ್ತದೆ. ಅಂದರೆ ಮೇಲಿನ ಬೆಲೆ ನಿಲ್ಲಲಿಲ್ಲ, ಮಾರುವವರ ಕೈ ಮೇಲಾಯಿತು. ಷೇರು ನಿನ್ನೆಗಿಂತ 3 ಏರಿದೆ, ಆದರೂ ಕೆಂಪು ಯಾಕೆ? ಬಣ್ಣ ಹೇಳುವುದು ಇವತ್ತಿನ ಶುರು ಮತ್ತು ಕೊನೆಯ ಲೆಕ್ಕ ಮಾತ್ರ, ಹೊಸಬರು ಎಡವುವುದು ಇಲ್ಲೇ. ಆದರೆ 115 ಮೊದಲು ಬಂತೋ 102 ಮೊದಲೋ, ಅದು ಕ್ಯಾಂಡಲ್‌ನಲ್ಲೂ ಗೊತ್ತಾಗುವುದಿಲ್ಲ, 15 ನಿಮಿಷದ ಚಾರ್ಟ್ ತೆರೆಯಬೇಕು. ಹತ್ತು ವರ್ಷದ ಏರಿಳಿತ ನೋಡುವುದಾದರೆ ಲೈನ್ ಸಾಕು.