ಥೈರಾಯ್ಡ್ ಮಾತ್ರೆ ತಗೊಳ್ಳೋರು ಜಿಮ್ ಪ್ಯಾಕೇಜ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಜಿಮ್ ಹೆಸರು ಹಾಕಲ್ಲ, ಕೇಳ್ಬೇಡಿ. ಬೆಂಗಳೂರಲ್ಲಿ ಇಂಥ ಪ್ಯಾಕೇಜ್ ಮಾರೋರು ಗಲ್ಲಿಗೊಬ್ರು ಇದಾರೆ, ಒಂದು ಹೆಸರು ಹೇಳಿ ಏನೂ ಉಪಯೋಗ ಇಲ್ಲ.

ನಂಗೆ ಹೈಪೋಥೈರಾಯ್ಡ್ ಇದೆ, ಎರಡನೇ ಹೆರಿಗೆ ಆದ್ಮೇಲೆ ಬಂದಿದ್ದು. 75 ಮೈಕ್ರೋಗ್ರಾಂ ಮಾತ್ರೆಲಿ ಟಿಎಸ್‌ಎಚ್ 2.8ರ ಹತ್ರ ಆರಾಮಾಗಿ ನಿಂತಿತ್ತು, ವಾರದಲ್ಲಿ ನಾಲ್ಕು ದಿನ ವೇಟ್ಸ್ ಮಾಡ್ತಿದ್ದೆ, ತೂಕ 62 ಕೆಜಿ, ಒಂದು ನಾಲ್ಕು ಕೆಜಿ ಇಳಿದ್ರೆ ಚೆನ್ನಾಗಿರುತ್ತೆ ಅಂತ ಇತ್ತು ಅಷ್ಟೇ. ಟ್ರೇನರ್ ಬಂದು "ಮೇಡಂ, ಥೈರಾಯ್ಡ್ ಇರೋರಿಗೇ ಅಂತ ಸ್ಪೆಷಲ್ ಫ್ಯಾಟ್ ಲಾಸ್ ಪ್ಲಾನ್ ಇದೆ" ಅಂದ್ರು. ಥೈರಾಯ್ಡ್ ಇದೆ, ಮಾತ್ರೆ ತಗೋತೀನಿ ಅಂತ ಫಾರ್ಮಲ್ಲಿ ಬರೆದು ಕೊಟ್ಟಿದ್ದೆ, ಬಾಯಲ್ಲೂ ಹೇಳಿದ್ದೆ.

ಅವರು ಕೊಟ್ಟ ಚಾರ್ಟ್ ಹೀಗಿತ್ತು ನೋಡಿ. ಬೆಳಿಗ್ಗೆ 5ಕ್ಕೆ ಎದ್ದು ಥೈರಾಯ್ಡ್ ಮಾತ್ರೆ, 5:10ಕ್ಕೆ ಬ್ಲ್ಯಾಕ್ ಕಾಫಿ, 5:30ಕ್ಕೆ ವರ್ಕೌಟ್, ಮುಗಿಸ್ಕೊಂಡು 6:45ಕ್ಕೆ ಹಾಲಲ್ಲಿ ಪ್ರೋಟೀನ್ ಶೇಕ್, ಅದರ ಜೊತೆಗೇ ಒಂದು ಮಲ್ಟಿವಿಟಮಿನ್, ಒಂದು 500 ಎಂಜಿ ಕ್ಯಾಲ್ಸಿಯಂ ಮಾತ್ರೆ, "ಡಯಟಲ್ಲಿ ಕೂದಲು ಉದುರುತ್ತೆ ಮೇಡಂ" ಅಂತ ಒಂದು ಬಯೋಟಿನ್ ಮಾತ್ರೆ. ದಿನಕ್ಕೆ ಒಟ್ಟು 1200 ಕ್ಯಾಲೊರಿ, ಸಂಜೆ ಮತ್ತೆ ಕಾರ್ಡಿಯೋ. ಎಲ್ಲಾ ಒಳ್ಳೊಳ್ಳೆ ವಸ್ತುನೇ ಅಲ್ವಾ, ನೋಡಿದವರು ಯಾರೂ ತಪ್ಪು ಅನ್ನಲ್ಲ.

ಮೊದಲ ತಿಂಗಳು ಎರಡು ಕೆಜಿ ಇಳೀತು. ಆಮೇಲೆ ನಿಂತೋಯ್ತು. ಆಮೇಲೆ ಏರಕ್ಕೆ ಶುರುವಾಯ್ತು! ಮಲಬದ್ಧತೆ, ಬೆಳಿಗ್ಗೆ ಎದ್ರೆ ಮುಖ ಊದಿರೋದು, ಮಂಗಳವಾರ ಸ್ಕ್ವಾಟ್ ಮಾಡಿದ್ರೆ ಶುಕ್ರವಾರದ ತನಕ ತೊಡೆ ನೋವು. ಟ್ರೇನರ್‌ಗೆ ಹೇಳಿದ್ರೆ "ಚೀಟ್ ಮಾಡ್ತಿದೀರ ಮೇಡಂ" ಅಂತ ಕಾರ್ಡಿಯೋ ಇನ್ನೂ ಇಪ್ಪತ್ತು ನಿಮಿಷ ಜಾಸ್ತಿ ಮಾಡಿದ್ರು. ಟೆಸ್ಟ್ ಮಾಡಿಸಿದ್ರೆ ಟಿಎಸ್‌ಎಚ್ 11.4. ಹತ್ರದ ಕ್ಲಿನಿಕ್‌ನವರು ರಿಪೋರ್ಟ್ ನೋಡಿ 100 ಮಾಡಿದ್ರು, ಮುಂದಿನ ಸಲಕ್ಕೂ ಜಾಸ್ತಿನೇ ಇತ್ತು ಅಂತ 125. ಬೆಳಿಗ್ಗೆ ಏನೇನು ತಗೋತೀರಾ ಅಂತ ಒಂದು ಮಾತು ಕೇಳ್ಲಿಲ್ಲ.

ಅಸಲಿ ಕಥೆ ಶುರುವಾಗಿದ್ದು ಪ್ಯಾಕೇಜ್ ಮುಗಿದ್ಮೇಲೆ. ರಿನ್ಯೂ ಮಾಡ್ಲಿಲ್ಲ, ಶೇಕ್ ಕ್ಯಾಲ್ಸಿಯಂ ಎಲ್ಲಾ ನಿಂತ್ವು, 125ರ ಮಾತ್ರೆ ಮಾತ್ರ ಹಂಗೇ ಮುಂದುವರೀತು, ಕೂದಲಿನ ಮಾತ್ರೆ ಡಬ್ಬಿ ಇನ್ನೂ ಮುಗಿದಿರ್ಲಿಲ್ಲ ಅಂತ ಅದೂ ಒಂದು. ಒಂದು ತಿಂಗಳು ಕಳೆಯೋ ಹೊತ್ತಿಗೆ ತೂಕ ಸರ್ರಂತ ಇಳಿಯಕ್ಕೆ ಶುರುವಾಯ್ತು. ಆಫೀಸಲ್ಲಿ ಎಲ್ಲರೂ ಏನು ಮಾಡಿದ್ರಿ ನಮಗೂ ಹೇಳಿ ಅನ್ನೋರು. ಆದ್ರೆ ಕಾಫಿ ಲೋಟ ಹಿಡಿದ್ರೆ ಕೈ ನಡುಗ್ತಿತ್ತು, ರಾತ್ರಿ ಮಲಗಿದ್ರೆ ಎದೆ ಡವಡವ ಅಂತ ದಿಂಬಿನಲ್ಲೇ ಕೇಳೋದು, ಸುಮ್ನೆ ಕೂತಿದ್ದಾಗ್ಲೂ ವಾಚ್ 104 ತೋರಿಸ್ತಿತ್ತು, ಮೊದಲು ಆರಾಮಾಗಿ ಎತ್ತುತ್ತಿದ್ದ ವೇಟ್ ಈಗ ಮೇಲಕ್ಕೇ ಬರಲ್ಲ. ಟಿಎಸ್‌ಎಚ್ 0.04.

ಆವಾಗ ಎಂಡೋಕ್ರಿನಾಲಜಿಸ್ಟ್ ಹತ್ರ ಹೋಗಿದ್ದು. ಅವರು ಮೊದಲು ಕೇಳಿದ್ದೇ "ಬೆಳಿಗ್ಗೆ ಎದ್ದಾಗಿಂದ ಬಾಯಿಗೆ ಹೋಗೋದನ್ನೆಲ್ಲ ಟೈಮ್ ಸಮೇತ ಬರೀರಿಮ್ಮ, ಮುಂಚೆ ಏನಿತ್ತು ಅದನ್ನೂ". ಹಳೇ ಚಾರ್ಟ್ ಫೋನಲ್ಲಿ ಇತ್ತು, ತೋರಿಸಿದೆ. ಮಲ್ಟಿವಿಟಮಿನ್ ಡಬ್ಬಿ ಫೋಟೋ ಝೂಮ್ ಮಾಡಿ ಐರನ್ ಅಂತ ಬರೆದಿರೋ ಸಾಲಿನ ಮೇಲೆ ಪೆನ್ ಇಟ್ಟು, ಕ್ಯಾಲ್ಸಿಯಂ ಸಾಲಿನ ಮೇಲೆ ಇಟ್ಟು, "ಈ ಚಾರ್ಟ್ ಶುರು ಮಾಡಿದಾಗ ನೀವು 75 ನುಂಗಿದೀರಿ, ಆದ್ರೆ ಮೈಗೆ 75 ಸಿಕ್ಕಿಲ್ಲ" ಅಂದ್ರು.

ವಿಷಯ ಇಷ್ಟೇ. ಕ್ಯಾಲ್ಸಿಯಂ, ಐರನ್ ಎರಡೂ ಕರುಳಲ್ಲಿ ಈ ಮಾತ್ರೆಗೆ ಅಂಟ್ಕೊಂಡು ಅದನ್ನ ರಕ್ತಕ್ಕೆ ಸೇರಕ್ಕೆ ಬಿಡಲ್ಲ. ಅದಕ್ಕೇ ನಾಲ್ಕು ಗಂಟೆ ಅಂತರ ಬೇಕು, ನಂಗೆ ಎರಡೂ ಗಂಟೆ ಸಿಗ್ತಿರ್ಲಿಲ್ಲ. ಕಾಫಿನೂ ಹೀರಿಕೆ ಕಮ್ಮಿ ಮಾಡುತ್ತೆ, ಬ್ಲ್ಯಾಕ್ ಆದ್ರೂ ಅಷ್ಟೇ, ಹಾಲಿಲ್ವಲ್ಲ ಅಂದ್ಕೋಬೇಡಿ. ಸೋಯಾ ಪ್ರೋಟೀನ್ ಆದ್ರೆ ಅದೂ ಅಡ್ಡ ಬರುತ್ತೆ. ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬರೀ ಹೊಟ್ಟೆ ಅಂತ ಹೇಳೋದು ಸುಮ್ನೆ ಶಾಸ್ತ್ರಕ್ಕಲ್ಲ. ಅಂದ್ರೆ ಕ್ಲಿನಿಕ್‌ನವರು 125 ಮಾಡಿದ್ದು ನನ್ನ ಕಾಯಿಲೆಗಲ್ಲ, ಆ ಶೇಕ್‌ಗೆ. ಶೇಕ್ ನಿಂತ ತಕ್ಷಣ ಅಷ್ಟೂ ಮೈಗೆ ಇಳೀತು, ಓವರ್‌ಡೋಸ್ ಆಯ್ತು.

ಇದು ಯಾಕೆ ಯಾರಿಗೂ ಹೊಳೆಯಲ್ಲ ಅಂದ್ರೆ ಎಲ್ಲಾ ನಿಧಾನಕ್ಕೆ ಆಗುತ್ತೆ. ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಕ್ಕೇ ಸುಮಾರು ಒಂದು ವಾರ ಬೇಕು, ಟಿಎಸ್‌ಎಚ್ ಹೊಸ ಜಾಗದಲ್ಲಿ ನಿಲ್ಲಕ್ಕೆ ಆರರಿಂದ ಎಂಟು ವಾರ. ಇವತ್ತು ಬೆಳಿಗ್ಗೆ ಏನು ಬದಲಾಯಿಸಿದ್ರೂ ಅದು ರಿಪೋರ್ಟಲ್ಲಿ ಕಾಣೋ ಹೊತ್ತಿಗೆ ನಿಮಗೆ ಮರೆತೇ ಹೋಗಿರುತ್ತೆ. ಅದಕ್ಕೆ ಹೊಸ ಸಪ್ಲಿಮೆಂಟ್ ಏನೇ ಶುರು ಮಾಡಿದ್ರೂ ಬಿಟ್ರೂ ತಾರೀಕು ಬರ್ಕೊಂಡಿರಿ, ಎರಡು ತಿಂಗಳೊಳಗೆ ಟೆಸ್ಟ್ ಮಾಡಿಸಿ, ಡೋಸ್ ಬದಲಾಯಿಸೋ ಮುಂಚೆ ಆ ಪಟ್ಟಿ ಡಾಕ್ಟರ್‌ಗೆ ತೋರಿಸಿ.

ಇಳಿದ ತೂಕದ ಬಗ್ಗೆನೂ ಡಾಕ್ಟರ್ ಮುಲಾಜಿಲ್ಲದೆ ಹೇಳಿದ್ರು, ಅದರಲ್ಲಿ ಕೊಬ್ಬಿನ ಜೊತೆ ಮಾಂಸಖಂಡನೂ ಹೋಗಿದೆ ಅಂತ. ಹೀಗೇ ಬಿಟ್ರೆ ಹೃದಯದ ಬಡಿತ ತಾಳ ತಪ್ಪುತ್ತೆ, ಮೂಳೆ ಸವೆಯುತ್ತೆ. ಡೋಸ್ ಜಾಸ್ತಿ ಮಾಡಿಸ್ಕೊಂಡ್ರೆ ಬೇಗ ಸಣ್ಣ ಆಗಬಹುದು ಅಂತ ಲೆಕ್ಕ ಹಾಕೋರು ಇದಾರೆ, ದಯವಿಟ್ಟು ಬೇಡ. ಹೈಪೋಥೈರಾಯ್ಡ್‌ನಿಂದಲೇ ಏರೋ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆಜಿ, ಅದರಲ್ಲೂ ಬಹುಪಾಲು ಉಪ್ಪು ನೀರು ಮೈಯಲ್ಲಿ ನಿಂತಿದ್ದು. ಟಿಎಸ್‌ಎಚ್ ಸರಿಯಾದ ಮೇಲೂ ಉಳಿಯೋ ತೂಕಕ್ಕೆ ಎಲ್ಲರ ಥರ ಊಟ, ವ್ಯಾಯಾಮನೇ ದಾರಿ. ಹಂಗಂತ 1200 ಕ್ಯಾಲೊರಿಲಿ ದಿನಕ್ಕೆರಡು ಸಲ ಬೆವರು ಸುರಿಸಿದ್ರೆ ಮೈ ತಾನೇ ಮಾತ್ರೆಲಿರೋ ಟಿ4 ಹಾರ್ಮೋನ್‌ನ ಕೆಲಸಕ್ಕೆ ಬರೋ ಟಿ3 ಮಾಡೋದು ಕಮ್ಮಿ ಮಾಡುತ್ತೆ, ಸುಸ್ತು ಬರುತ್ತೆ, ಅದಕ್ಕೆ ಮಾತ್ರೆ ಏರಿಸಿದ್ರೆ ಪ್ರಯೋಜನ ಇಲ್ಲ, ಊಟನೇ ಏರಿಸ್ಬೇಕು.

ಬಯೋಟಿನ್ ಬಗ್ಗೆ ನಂಗೆ ಏನೇನೂ ಗೊತ್ತಿರ್ಲಿಲ್ಲ. ಕೂದಲು ಉಗುರಿನ ಮಾತ್ರೆಗಳಲ್ಲಿ ಇರೋ ಬಯೋಟಿನ್‌ನ ದೊಡ್ಡ ಡೋಸ್ ಥೈರಾಯ್ಡ್ ಮಾತ್ರೆಯ ಹೀರಿಕೆನ ಏನೂ ಮಾಡಲ್ಲ, ಆದ್ರೆ ಕೆಲವು ಲ್ಯಾಬ್ ಮಷೀನಿಗೆ ಮೋಸ ಮಾಡುತ್ತೆ, ಟಿಎಸ್‌ಎಚ್ ಸುಳ್ಳುಸುಳ್ಳೇ ಕಮ್ಮಿ ಬರುತ್ತೆ, ಟಿ4 ಜಾಸ್ತಿ ಬರುತ್ತೆ. ಅದಕ್ಕೆ ಡಾಕ್ಟರ್ ನನ್ನ 0.04ನ ನಂಬದೆ, ಬಯೋಟಿನ್ ಮೂರು ದಿನ ಬಿಡಿಸಿ, ಬೆಳಿಗ್ಗೆ ಮಾತ್ರೆ ನುಂಗೋ ಮುಂಚೆನೇ ರಕ್ತ ಕೊಡಿ ಅಂತ ಮತ್ತೆ ಟೆಸ್ಟ್ ಮಾಡಿಸಿದ್ರು. ಎದೆ ಬಡಿತ ಕೈ ನಡುಕ ಇದ್ದಿದ್ದರಿಂದ ನಿಜಾನೇ ಇರುತ್ತೆ ಅಂತ ಅವರಿಗೆ ಅನುಮಾನ ಇತ್ತು, ನಿಜಾನೇ ಆಗಿತ್ತು. ಲಕ್ಷಣ ಏನೂ ಇಲ್ದೆ ರಿಪೋರ್ಟ್ ಮಾತ್ರ ವಿಚಿತ್ರ ಬಂದ್ರೆ ಬಯೋಟಿನ್ ತಗೋತಿದೀರಾ ನೋಡ್ಕೊಳಿ.

ಈಗ ವಾಪಸ್ 75. ಬೆಳಿಗ್ಗೆ 5:30ರ ಕ್ಲಾಸ್ ಬಿಡಕ್ಕಾಗಲ್ಲ ಅಂದಿದ್ದಕ್ಕೆ ಡಾಕ್ಟರ್ ಮಾತ್ರೆನೇ ರಾತ್ರಿಗೆ ಹಾಕಿದ್ರು, ಊಟ ಏಳಕ್ಕೆ ಮುಗಿಸಿ ಹತ್ತೂವರೆಗೆ ನೀರಲ್ಲಿ ನುಂಗೋದು, ಊಟ ಆಗಿ ಮೂರು ಗಂಟೆ ಕಳೆದಿರ್ಲೇಬೇಕು, ಮಧ್ಯೆ ಹಾಲೂ ಇಲ್ಲ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಮದುವೆ ಮುಂಜಿ ಅಂತ ರಾತ್ರಿ ಊಟ ಹತ್ತು ಗಂಟೆಗೆ ಆಗೋ ಮನೆಯವರಿಗೆ ಇದು ಆಗಿಬರಲ್ಲ, ಅಂಥವರು ಎದ್ದ ತಕ್ಷಣ ನುಂಗಿ ಕಾಫಿನ ಒಂದು ಗಂಟೆ ಮುಂದಕ್ಕೆ ಹಾಕೋದೇ ವಾಸಿ. ಯಾವುದಾದ್ರೂ ಒಂದು ಟೈಮ್ ಇಟ್ಕೊಳಿ, ಇವತ್ತು ಬೆಳಿಗ್ಗೆ ನಾಳೆ ರಾತ್ರಿ ಅಂತ ಮಾಡ್ಬೇಡಿ, ಬದಲಾಯಿಸೋ ಮುಂಚೆ ಡಾಕ್ಟರ್‌ನ ಕೇಳಿ, ಬದಲಾಯಿಸಿದ ಮೇಲೆ ಆರರಿಂದ ಎಂಟು ವಾರಕ್ಕೆ ಮತ್ತೆ ಟೆಸ್ಟ್.

ಆ ಜಿಮ್ಮಲ್ಲಿ ಅದೇ ಚಾರ್ಟ್ ಈಗಲೂ ಕೊಡ್ತಿದಾರೆ, ಹೋದ ವಾರ ಪಕ್ಕದ ಮನೆಯವರ ಫೋನಲ್ಲಿ ನೋಡಿದೆ. ಮಾತ್ರೆ 5ಕ್ಕೆ, ಕಾಫಿ 5:10ಕ್ಕೆ.