ಹತ್ತು ವರ್ಷದ ಸ್ಕೂಟರ್: ಕಿಕ್‌ಗೆ ಸೈ, ಸೆಲ್ಫ್‌ಗೆ ಮುನಿಸು

2015ರಲ್ಲಿ ಕೊಂಡ 110 ಸಿಸಿ ಕಾರ್ಬ್ಯುರೇಟರ್ ಗಾಡಿ. ಮೈಲೇಜು, ಸೀಟು, ಡಿಕ್ಕಿ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನ ತಕರಾರು ಸೆಲ್ಫ್ ಬಗ್ಗೆ ಮಾತ್ರ.

ಬ್ರೇಕ್ ಹಿಡಿದು ಬಟನ್ ಒತ್ತಿದರೆ ‘ಊಂ... ಊಂ...’ ಅಂತ ನರಳಿ ಸುಮ್ಮನಾಗುತ್ತಿತ್ತು. ಸೆಂಟರ್ ಸ್ಟ್ಯಾಂಡ್ ಹಾಕಿ, ಕಿಕ್ಕರ್ ಮೆಲ್ಲಗೆ ಒತ್ತುತ್ತಾ ಹೋಗಿ, ಕಾಲಿಗೆ ಬಿಗಿ ಸಿಕ್ಕಲ್ಲಿಂದ ಒಂದೇ ಸಲ ತುಳಿದರೆ ಥಟ್ಟನೆ ಸ್ಟಾರ್ಟ್. ಚಳಿಗೆ ಚೋಕ್ ಎಳೆದರೆ ಎರಡು ಕಿಕ್. ನನಗೇನೋ ಇದು ಅಭ್ಯಾಸವಾಯಿತು, ಸ್ವಲ್ಪ ಇಷ್ಟವೂ ಆಯಿತು. ಆದರೆ ಮಂಡಿನೋವಿರುವ ನನ್ನ ಹೆಂಡತಿ ಗಾಡಿ ಮುಟ್ಟುವುದನ್ನೇ ಬಿಟ್ಟಳು.

ಕಿಕ್‌ಗೆ ಸಲೀಸಾಗಿ ಶುರುವಾಗುತ್ತದೆ ಅಂದರೆ ಪ್ಲಗ್, ಪೆಟ್ರೋಲ್ ಎಲ್ಲ ಸರಿ ಇದೆ ಅಂತಲೇ ಅರ್ಥ. ದೋಷ ಇರುವುದು ಬ್ಯಾಟರಿಯಿಂದ ಸೆಲ್ಫ್ ಮೋಟರ್‌ವರೆಗಿನ ದಾರಿಯಲ್ಲಿ. ಮೆಕ್ಯಾನಿಕ್ ‘ಬ್ಯಾಟರಿ ವೀಕ್ ಸಾರ್’ ಅಂದರು. ಹೊಸದು ಹಾಕಿಸಿದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಅದೇ ರಾಗ. ‘ಇನ್ನೊಂದು ಬ್ಯಾಟರಿ ನೋಡೋಣ’ ಅಂದಾಗ ಸಿಟ್ಟು ಬಂತು. ಇನ್ನೊಂದು ಬ್ಯಾಟರಿಯ ದುಡ್ಡಿನ ಕಾಲು ಭಾಗಕ್ಕೆ ಒಂದು ಮಲ್ಟಿಮೀಟರ್ ತಂದೆ.

ಬ್ಯಾಟರಿ ಸುಮ್ಮನಿದ್ದಾಗ 12.7 ವೋಲ್ಟ್. ಸೆಲ್ಫ್ ಒತ್ತಿದಾಗ 10.9. ಇದು 9.6ಕ್ಕಿಂತ ಕೆಳಗೆ ಬಿದ್ದಿದ್ದರೆ ಬ್ಯಾಟರಿಯನ್ನೇ ಬೈಯಬಹುದಿತ್ತು. ಎಂಜಿನ್ ಓಡಿಸಿ ರೇಸ್ ಕೊಟ್ಟಾಗ 14.2, ಅಂದರೆ ಚಾರ್ಜಿಂಗೂ ಸರಿ. ಬ್ಯಾಟರಿಯಲ್ಲಿ ದಮ್ ಇದೆ, ಮೋಟರ್‌ಗೆ ತಲುಪುತ್ತಿಲ್ಲ, ಅಲ್ವಾ?

ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದೆ. ಪಕ್ಕದ ಮನೆ ಹುಡುಗ ಸೆಲ್ಫ್ ಒತ್ತಿದ. 1.6 ವೋಲ್ಟ್ ದಾರಿಯಲ್ಲೇ ಪೋಲು! ಅಲ್ಲಿ ಅರ್ಧ ವೋಲ್ಟ್ ಬಂದರೂ ಜಾಸ್ತಿಯೇ. ಬಟನ್ ಒತ್ತಿದಾಗ ಮೋಟರ್‌ಗೆ ಕರೆಂಟ್ ಬಿಡುವ ರಿಲೇಯ ಎರಡು ದಪ್ಪ ಬೋಲ್ಟ್‌ಗಳ ನಡುವೆ ನೋಡಿದರೆ 0.1 ಮಾತ್ರ, ಅದು ನಿರಪರಾಧಿ. ಕಳ್ಳ ಸಿಕ್ಕಿದ್ದು ಎಂಜಿನ್ ಅರ್ಥ್ ವೈರಿನ ಬೋಲ್ಟ್‌ನಲ್ಲಿ. ಮಳೆ, ಕೆಸರು ಕೂತು ತುದಿಯೆಲ್ಲ ತುಕ್ಕು, ಹಸಿರು ಪಾಚಿಯಂಥ ಪುಡಿ. ಹಾರ್ನ್, ಇಂಡಿಕೇಟರ್‌ಗೆ ಸ್ವಲ್ಪ ಕರೆಂಟ್ ಸಾಕಾದ್ದರಿಂದ ಅವು ಜೋರಾಗಿಯೇ ಇದ್ದವು. ಸೆಲ್ಫ್ ಮೋಟರ್‌ಗೆ ಬೇಕಾದ್ದು ಅದರ ಹತ್ತು ಪಟ್ಟಿಗೂ ಜಾಸ್ತಿ, ತುಕ್ಕು ಅಡ್ಡ ಬಂದದ್ದು ಅಲ್ಲಿಗೆ.

ಬ್ಯಾಟರಿ ಮೈನಸ್ ಕಳಚಿ, ಬೋಲ್ಟ್ ಬಿಚ್ಚಿ, ತುದಿಯನ್ನೂ ಅದು ಕೂರುವ ಜಾಗವನ್ನೂ ಹೊಳೆಯುವ ತನಕ ಎಮರಿ ಪೇಪರ್‌ನಿಂದ ಉಜ್ಜಿದೆ. ಬಿಗಿದ ಮೇಲೆ ಹೊರಗೆ ವ್ಯಾಸಲಿನ್ ಸವರಿದೆ. ಈಗ 0.1. ಸೆಲ್ಫ್ ಮುಟ್ಟಿದರೆ ಸಾಕು. ಇಲ್ಲೂ ಸರಿಹೋಗದಿದ್ದರೆ ಮೋಟರಿನ ಕಾರ್ಬನ್ ಬ್ರಶ್ ನೋಡಬೇಕಿತ್ತು.

ಅರ್ಥ್ ಬೋಲ್ಟ್ ನೀರು ಹಾರುವಲ್ಲಿ ಇಟ್ಟವರಿಗೆ ಒಂದು ನಕ್ಷತ್ರ ಕಡಿತ. ಕಿಕ್ಕರ್ ಕೊಟ್ಟವರಿಗೆ ಅದು ವಾಪಸ್. ಹೆಂಡತಿ ಈಗ ಗಾಡಿ ಕೊಡುವುದಿಲ್ಲ. ಭಾನುವಾರ ತೊಳೆಯುವ ನೆಪದಲ್ಲಿ ಒಂದು ಕಿಕ್ ಹೊಡೆದುಕೊಳ್ಳುತ್ತೇನೆ.