ಎರಡು ವರ್ಷ ಬಳಸಿದ ಎಸ್‌ಡಬ್ಲ್ಯೂಡಿ ಪ್ರೋಬ್: ಓಡುತ್ತಿರುವ ಚಿಪ್ಪನ್ನು ನಿಲ್ಲಿಸಿ ನೋಡುವ ಸಾಧನ

ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗೆ ನಾನೇ ಒಂದು ಬೋರ್ಡ್ ಮಾಡಿದ್ದೇನೆ. ಅದರಲ್ಲಿರುವುದು ಎಸ್‌ಟಿಎಂ32ಎಫ್103 ಚಿಪ್. ಸೆನ್ಸರ್‌ನಿಂದ ಐ2ಸಿ ತಂತಿಯಲ್ಲಿ ಉಷ್ಣತೆ ಓದುತ್ತದೆ, 37.5 ಡಿಗ್ರಿ ಇರುವಂತೆ ಹೀಟರ್ ನಡೆಸುತ್ತದೆ. ಈ ಬೋರ್ಡಿನ ಪ್ರೋಗ್ರಾಮ್‌ನಲ್ಲಿ ತಪ್ಪು ಹುಡುಕಲು, ಅಂದರೆ ಡೀಬಗ್ ಮಾಡಲು, ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಸಿಎಂಸಿಸ್-ಡ್ಯಾಪ್ ಪ್ರೋಬ್ ತೆಗೆದುಕೊಂಡೆ. ಎರಡು ವರ್ಷವಾಯಿತು, ಇವತ್ತಿಗೂ ಮೇಜಿನ ಮೇಲೇ ಇದೆ.

ಚಿಪ್ಪಿಗೆ ಮೂರೇ ತಂತಿ: ಡೇಟಾ, ಕ್ಲಾಕ್, ಗ್ರೌಂಡ್. ಡೀಬಗ್ಗಿಗೆ ಬಳಸುವ ಹಳೆಯ ಸಂಪರ್ಕವಾದ ಜೆಟ್ಯಾಗ್ ಆದರೆ ಗ್ರೌಂಡ್ ಬಿಟ್ಟು ಕನಿಷ್ಠ ನಾಲ್ಕು ಬೇಕು. ಜೆಟ್ಯಾಗ್ ಮೊದಲು ಹುಟ್ಟಿದ್ದು ಬೋರ್ಡಿನ ಬೆಸುಗೆ ಸರಿಯಿದೆಯಾ ಎಂದು ಪರೀಕ್ಷಿಸಲು. ಎಸ್‌ಡಬ್ಲ್ಯೂಡಿ ಆರ್ಮ್ ಕಂಪನಿಯದು, ಡೀಬಗ್ ಕೆಲಸವನ್ನು ಎರಡು ಸಿಗ್ನಲ್ ತಂತಿಯಲ್ಲಿ ಮಾಡುತ್ತದೆ.

ಈ ಪ್ರೋಬಿನ ಬೆಲೆ ನನಗೆ ಗೊತ್ತಾದದ್ದು ಒಂದು ರಾತ್ರಿ. ಡಿಸ್‌ಪ್ಲೇ ಮೇಲಿನ ಅಂಕಿ ಗಂಟೆಗಟ್ಟಲೆ ಅಲ್ಲಾಡದೆ ನಿಂತಿತ್ತು. ಆದರೆ ಹೀಟರ್ ಮಾತ್ರ ಬಿಸಿಯಾಗುತ್ತಲೇ ಇತ್ತು. ಪವರ್ ತೆಗೆದು ಹಾಕಿದರೆ ಸರಿಹೋಗುತ್ತಿತ್ತು, ಆದರೆ ಕಾರಣವೂ ಅಳಿಸಿಹೋಗುತ್ತಿತ್ತು, ಅಲ್ವಾ? ಅದಕ್ಕೇ ಹೀಟರ್‌ನ ಪ್ಲಗ್ ಮಾತ್ರ ಕಿತ್ತು, ಚಿಪ್ ಓಡುತ್ತಿರುವಾಗಲೇ ಪ್ರೋಬ್ ಸಿಕ್ಕಿಸಿ, ಅದರ ಜೊತೆ ಮಾತಾಡುವ ಓಪನ್ಒಸಿಡಿ ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಓಡಿಸಿದೆ:

```
openocd -f interface/cmsis-dap.cfg -f target/stm32f1x.cfg
```

ಇಷ್ಟಕ್ಕೇ ಚಿಪ್ ರೀಸೆಟ್ ಆಗುವುದಿಲ್ಲ. ಇನ್ನೊಂದು ಕಿಟಕಿಯಲ್ಲಿ `telnet localhost 4444` ಕೊಟ್ಟು `halt` ಎಂದೆ. ಆಗ ಒಳಗೆ ನಡೆಯುವುದು ತುಂಬಾ ಸರಳ. ಪ್ರೋಬ್ ತಂತಿಯ ಮೇಲಿಂದ 0xE000EDF0 ವಿಳಾಸಕ್ಕೆ 0xA05F0003 ಬರೆಯುತ್ತದೆ. ಮೊದಲಿಗೆ ಇರುವ A05F ಕೀಲಿ ಇದ್ದಂತೆ, ಅದಿಲ್ಲದಿದ್ದರೆ ಆ ಬರಹಕ್ಕೆ ಬೆಲೆಯಿಲ್ಲ. ಕೊನೆಯ ಎರಡು ಬಿಟ್‌ಗಳಲ್ಲಿ ಒಂದು ಡೀಬಗ್ ಆನ್ ಮಾಡುತ್ತದೆ, ಇನ್ನೊಂದು, ಪ್ರೋಗ್ರಾಮ್ ಓಡಿಸುವ ಕೋರನ್ನು ನಿಲ್ಲಿಸುತ್ತದೆ. ಅದೇ ವಿಳಾಸವನ್ನು ಮತ್ತೆ ಓದಿ 17ನೇ ಬಿಟ್ 1 ಆಗಿದೆಯಾ ನೋಡಿದರೆ ನಿಂತಿದೆಯೋ ಇಲ್ಲವೋ ಖಚಿತ. ನಮ್ಮ ಪ್ರೋಗ್ರಾಮ್‌ನ ಸಹಾಯ ಇದಕ್ಕೆ ಬೇಕಿಲ್ಲ. ಅದು ಎಲ್ಲೋ ಸಿಕ್ಕಿಕೊಂಡಿದ್ದರೂ ನಡೆಯುತ್ತದೆ.

ಕೋರ್ ಎಲ್ಲಿ ನಿಂತಿದೆ ಎಂದು ನೋಡಲು `reg pc` ಕೊಟ್ಟಾಗ ಬಂದ ವಿಳಾಸ, ಐ2ಸಿ ಬಿಡುವಾಗಲಿ ಎಂದು ಕಾಯುವ ನನ್ನದೇ ಲೂಪಿನೊಳಗಿತ್ತು. ಬಿಟ್ಟು ಮತ್ತೆ ನಿಲ್ಲಿಸಿದೆ, ಅದೇ ಜಾಗ. ಮುಂದೆ ಎರಡು ರಿಜಿಸ್ಟರ್ ಓದಿದೆ:

```
> mdw 0x40005418
0x40005418: 00000002
> mdw 0x40010c08
0x40010c08: 00000040
```

ಮೊದಲನೆಯದು ಐ2ಸಿಯ ಸ್ಥಿತಿ. 2 ಎಂದರೆ `BUSY`, ತಂತಿಯನ್ನು ಯಾರೋ ಹಿಡಿದಿದ್ದಾರೆ. ಯಾರು ಅನ್ನುವುದನ್ನು ಎರಡನೆಯದು ಹೇಳಿತು, ಅದು ಪಿನ್‌ಗಳ ನಿಜವಾದ ಮಟ್ಟ. 6ನೇ ಬಿಟ್ ಕ್ಲಾಕ್, ಅದು ಹೈ. 7ನೇ ಬಿಟ್ ಡೇಟಾ, ಅದು ಲೋ. ಅಂದರೆ ಸೆನ್ಸರ್ ಒಂದು ಬೈಟ್ ಕಳಿಸುವ ನಡುವೆಯೇ ನಿಂತು, ಮುಂದಿನ ಕ್ಲಾಕ್‌ಗೆ ಕಾಯುತ್ತಾ ಡೇಟಾ ತಂತಿಯನ್ನು ಕೆಳಗೇ ಹಿಡಿದಿತ್ತು. ಅತ್ತ ಚಿಪ್ ಅದು ಬಿಡಲಿ ಎಂದು ಕಾಯುತ್ತಿತ್ತು. ಸೆನ್ಸರ್ ತಂತಿ ಹೀಟರ್ ತಂತಿಯ ಪಕ್ಕದಲ್ಲೇ ಹಾದುಹೋಗಿತ್ತು. ಒಂದು ಕ್ಲಾಕ್ ಪಲ್ಸ್ ಕೆಟ್ಟರೂ ಇಂಥ ಸ್ಥಿತಿಗೆ ಸಾಕು. ತಂತಿಯನ್ನು ದೂರ ಎಳೆದೆ, ಲೂಪಿಗೆ ಸಮಯದ ಮಿತಿ ಹಾಕಿದೆ. ಮಿತಿ ಮೀರಿದರೆ ಕ್ಲಾಕ್ ಪಿನ್ನನ್ನು ಒಂಬತ್ತು ಸಲ ಆಡಿಸಿ ಸೆನ್ಸರನ್ನು ಬಿಡಿಸುವ ಕೋಡ್ ಸೇರಿಸಿದೆ.

ಎರಡು ವಿಷಯದಲ್ಲಿ ಜಾಗ್ರತೆ ಬೇಕು. `halt` ನಿಲ್ಲಿಸುವುದು ಕೋರ್ ಒಂದನ್ನೇ. ಟೈಮರ್ ತನ್ನ ಪಾಡಿಗೆ ಓಡುತ್ತಿರುತ್ತದೆ, ಹೀಟರ್‌ಗೆ ಕೊನೆಯಲ್ಲಿ ಕೊಟ್ಟ ಪ್ರಮಾಣದಲ್ಲೇ ಕರೆಂಟ್ ಹೋಗುತ್ತಿರುತ್ತದೆ. ಟೈಮರ್ ಕೂಡ ನಿಲ್ಲುವಂತೆ ಮಾಡಬಹುದು, ಆದರೆ ಆಗ ಪಿನ್ ಹೈ ಆಗಿಯೇ ನಿಂತುಬಿಟ್ಟರೆ ಇನ್ನೂ ಅಪಾಯ. ಪ್ಲಗ್ ಕೀಳುವುದೇ ವಾಸಿ. ಇನ್ನೊಂದು, ಕೆಲವು ರಿಜಿಸ್ಟರ್‌ಗಳನ್ನು ಓದುವುದರಿಂದಲೇ ಸ್ಥಿತಿ ಬದಲಾಗುತ್ತದೆ. ಸೀರಿಯಲ್ ಪೋರ್ಟ್‌ನ ಡೇಟಾ ರಿಜಿಸ್ಟರ್ ಓದಿದರೆ ‘ಡೇಟಾ ಬಂದಿದೆ’ ಎನ್ನುವ ಗುರುತು ಅಳಿಸಿಹೋಗುತ್ತದೆ, ಪ್ರೋಗ್ರಾಮ್‌ಗೆ ಆ ಅಕ್ಷರ ಬಂದದ್ದೇ ತಿಳಿಯುವುದಿಲ್ಲ. ಡೀಬಗ್ ಕಿಟಕಿಯಲ್ಲಿ ಎಲ್ಲ ರಿಜಿಸ್ಟರ್‌ಗಳನ್ನೂ ಸುಮ್ನೆ ತೆರೆದಿಡಬೇಡಿ.

ನನ್ನ ಪ್ರೋಬಿನಲ್ಲಿ ರೀಸೆಟ್ ತಂತಿ ಇಲ್ಲ, ಅದೊಂದು ಕೊರತೆ. ಪ್ರೋಗ್ರಾಮ್ ಎಸ್‌ಡಬ್ಲ್ಯೂಡಿ ಪಿನ್‌ಗಳನ್ನು ಬೇರೆ ಕೆಲಸಕ್ಕೆ ತಿರುಗಿಸಿಬಿಟ್ಟರೆ ಪ್ರೋಬ್‌ಗೆ ಚಿಪ್ ಕಾಣುವುದೇ ಇಲ್ಲ. ಆಗ ರೀಸೆಟ್ ಬಟನ್ ಒತ್ತಿಹಿಡಿದು, ಸರಿಯಾದ ಕ್ಷಣಕ್ಕೆ ಬಿಡಬೇಕು. ನನಗೆ ಮೂರ್ನಾಲ್ಕು ಸಲ ಪ್ರಯತ್ನ ಬೇಕಾಯಿತು. ತಂತಿ ಉದ್ದ ಇದ್ದರೂ ತೊಂದರೆ. ಸಂಪರ್ಕ ಆಗಾಗ ತಪ್ಪುತ್ತಿದ್ದರೆ `adapter speed 400` ಕೊಟ್ಟು ನಿಧಾನ ಮಾಡಿ ನೋಡಿ.

ಈಗ ಸೆನ್ಸರ್ ಸಿಕ್ಕಿಕೊಂಡಾಗಲೆಲ್ಲ ರ‍್ಯಾಮ್‌ನಲ್ಲಿ ಒಂದು ಅಂಕಿ ಏರುತ್ತದೆ. ಅದನ್ನು ನೋಡಲು ನಿಲ್ಲಿಸಬೇಕಾಗಿಲ್ಲ. ಕೋರ್ ಓಡುತ್ತಿರುವಾಗಲೇ ಪ್ರೋಬ್ ಮೆಮೊರಿ ಓದಬಲ್ಲದು. ಹೋದ ತಿಂಗಳು ನೋಡಿದಾಗ ಅದು 3 ಆಗಿತ್ತು, ಪೆಟ್ಟಿಗೆ 37.5ರಲ್ಲೇ ಇತ್ತು.